ಓದೋಕಾಗದ ನಂಬರ್ ಬರೆಸೋದ್ಯಾಕೆ?

ನಮ್ಮ ಕನ್ನಡ ಸಂಘದ ಗೆಳೆಯನೊಬ್ಬನ ಸೋದರಮಾವ ಜೆ.ಪಿ. ನಗರದಲ್ಲಿ ದೋಸೆ ಹಿಟ್ಟು ರುಬ್ಬಿ ಮಾರುತ್ತಾರೆ. ಬೆಳಿಗ್ಗೆ ಐದೂವರೆಗೆ ಅವರ ಟಾಟಾ ಏಸ್ ಹೊರಟರೆ ಜಯನಗರ, ಬನಶಂಕರಿ, ಬಿಟಿಎಂ ಸುತ್ತಿಕೊಂಡು ವಾಪಸ್ಸು ಬರುವಾಗ ಹನ್ನೊಂದಾಗುತ್ತದೆ. ಹೋದ ಸೆಮಿಸ್ಟರ್‌ನಲ್ಲಿ ಅವರಿಗೆ ಬಿಟಿಎಂನಿಂದ ಒಬ್ಬರು ಫೋನ್ ಮಾಡಿ, "ಸೋಮವಾರ ಡೆಲ್ಮಿಯಾ ಸಿಗ್ನಲ್ ಹತ್ರ ನಿಮ್ಮ ನಂಬರಿನ ಮೊದಲ ಐದು ಅಂಕಿ ಸಿಕ್ತು ಸಾರ್, ಅಷ್ಟರಲ್ಲಿ ಗಾಡಿ ಹೊರಟೋಯ್ತು. ಇವತ್ತು ಗುರುವಾರ ಮತ್ತೆ ಸಿಕ್ರಿ, ಉಳಿದಿದ್ದು ಓದ್ಕೊಂಡೆ" ಅಂದರಂತೆ. ಮಾವ ಇದನ್ನು ತಮಾಷೆಯಾಗಿ ಹೇಳಿದರು. ನಮಗೆ ಮಾತ್ರ ನಗು ಬರಲಿಲ್ಲ. ನಾಲ್ಕು ದಿನ ಹಟ ಹಿಡಿದು ಓದಿದ ಒಬ್ಬರು ಸಿಕ್ಕಿದ್ದಾರೆ ಅಂದರೆ, ಓದಲಾಗದೆ ಸುಮ್ಮನೆ ಮುಂದೆ ಹೋದವರು ಎಷ್ಟು ಜನ? ಅವರ್ಯಾರೂ ಫೋನ್ ಮಾಡಿ "ಓದೋಕಾಗ್ಲಿಲ್ಲ" ಅಂತ ಹೇಳುವುದಿಲ್ಲ.

ಅವತ್ತು ಸಂಜೆ ಗಾಡಿಯ ಹಿಂದೆ ಹೋಗಿ ನಿಂತು ನೋಡಿದೆವು. ಕಡು ಹಸಿರು ಹಿನ್ನೆಲೆ. ಮೇಲೆ ದೇವರ ಚಿತ್ರ, 'ಪ್ರಸನ್ನ', ಅದರ ಕೆಳಗೆ ಬಳ್ಳಿ ಸುತ್ತಿದ ಅಕ್ಷರದಲ್ಲಿ ಅಂಗಡಿಯ ಹೆಸರು. ಆಮೇಲೆ ಇಡ್ಲಿ ಹಿಟ್ಟು, ದೋಸೆ ಹಿಟ್ಟು, ಚಪಾತಿ, ಹೋಳಿಗೆ ಎಂಬ ಪಟ್ಟಿ. ಎರಡು ಮೊಬೈಲ್ ನಂಬರ್, ಒಂದು ಲ್ಯಾಂಡ್‌ಲೈನ್, ಇನ್‌ಸ್ಟಾಗ್ರಾಂ ಹೆಸರು, ಮೂಲೆಯಲ್ಲಿ ಅಂಗೈಯಗಲದ ಕ್ಯೂಆರ್ ಕೋಡ್. ಸಾಲದ್ದಕ್ಕೆ ಆಹಾರ ಪರವಾನಗಿಯ 14 ಅಂಕಿಗಳು. ಮೊಬೈಲ್ ನಂಬರ್ ಇದ್ದದ್ದು ಕೆಂಪು ಬಣ್ಣದಲ್ಲಿ, ಸ್ಕೇಲ್ ಇಟ್ಟು ಅಳೆದರೆ 28 ಮಿ.ಮೀ. ಎತ್ತರ. ಹತ್ತಿರದಿಂದ ನೋಡಿದರೆ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಸ್ಟಿಕರ್ ಅಂಗಡಿಯಲ್ಲಿ ಎಲ್ಲರೂ ನೋಡುವುದು ಹತ್ತಿರದಿಂದಲೇ, ಅದೂ ಕಂಪ್ಯೂಟರ್ ಪರದೆ ಮೇಲೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಹಾಗಾದರೆ ಎಷ್ಟು ದೊಡ್ಡದಿರಬೇಕು? ಇದಕ್ಕೆ ಉತ್ತರ ಹುಡುಕಲು ದೊಡ್ಡ ಪುಸ್ತಕ ಬೇಕಿಲ್ಲ. ನಮ್ಮಲ್ಲಿ ಬಹಳಷ್ಟು ಜನ ಈಚೆಗೆ ಎಲ್‌ಎಲ್‌ಗೆ ಅರ್ಜಿ ಹಾಕಿದವರೇ. ಅದರ ಜೊತೆಗೆ ಕೊಡುವ ಸ್ವಯಂ ಘೋಷಣೆಯಲ್ಲಿ ಒಂದು ಪ್ರಶ್ನೆ ಇರುತ್ತದೆ, ಓದದೇ ಟಿಕ್ ಹಾಕಿರುತ್ತೇವೆ: ಒಳ್ಳೆಯ ಹಗಲು ಬೆಳಕಿನಲ್ಲಿ, ಕನ್ನಡಕ ಇದ್ದರೆ ಹಾಕಿಕೊಂಡು, 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲಿರಾ? ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ನಂಬರ್ ಪ್ಲೇಟಿನ ಅಕ್ಷರದ ಎತ್ತರ 65 ಮಿ.ಮೀ., ಗೆರೆಯ ದಪ್ಪ 10 ಮಿ.ಮೀ., ಎರಡು ಅಕ್ಷರಗಳ ನಡುವಿನ ಜಾಗ 10 ಮಿ.ಮೀ. ಇವೆರಡನ್ನೂ ಜೋಡಿಸಿದರೆ ನಮಗೆ ಬೇಕಾದ ಲೆಕ್ಕ ಸಿಕ್ಕಿಬಿಡುತ್ತದೆ. 25 ಮೀಟರನ್ನು 65 ಮಿ.ಮೀ.ಯಿಂದ ಭಾಗಿಸಿದರೆ ಸುಮಾರು 385. ಅಂದರೆ ಅಕ್ಷರದ ಎತ್ತರದ 385 ಪಟ್ಟು ದೂರದವರೆಗೆ ಓದಬಲ್ಲವನು ರಸ್ತೆಗಿಳಿಯಲು ಲಾಯಕ್ಕು. ನಮ್ಮ ಗಾಡಿಯ ಹಿಂದೆ ಬರುವವರ ಕಣ್ಣಿನ ಬಗ್ಗೆ ನಾವು ನೆಚ್ಚಿಕೊಳ್ಳಬಹುದಾದದ್ದು ಇಷ್ಟೇ, ಇದಕ್ಕಿಂತ ಒಂದು ಚೂರೂ ಹೆಚ್ಚಲ್ಲ.

ಆದರೆ ಆ 385 ಎನ್ನುವುದು ನಿಂತುಕೊಂಡು, ಒಳ್ಳೆ ಬೆಳಕಲ್ಲಿ, ಕಣ್ಣು ಕಿರಿದು ಮಾಡಿ ಓದುವ ಮಾತು. ಸ್ಕೂಟರ್ ಮೇಲೆ ಕೂತವರ ಹೆಲ್ಮೆಟ್ ಗಾಜಿನ ಮೇಲೆ ಧೂಳಿರುತ್ತದೆ, ಕೆಳಗೆ ಹಂಪ್ ಇರುತ್ತದೆ, ಪಕ್ಕದಲ್ಲಿ ಬಿಎಂಟಿಸಿ ಬಸ್ಸು ನುಗ್ಗುತ್ತಿರುತ್ತದೆ. ಗಾಡಿಯ ಹಿಂಬದಿಗೆ ಅವರು ಕೊಡುವುದು ಒಂದು ನೋಟ, ಹೆಚ್ಚೆಂದರೆ ಎರಡು ಸೆಕೆಂಡು. ಹಾಗಾಗಿ ನಾವು ಅದನ್ನು ಅರ್ಧ ಮಾಡಿಕೊಂಡೆವು: ಎತ್ತರದ 190 ಪಟ್ಟು ದೂರ. ಇದು ಯಾವ ಕಾನೂನಿನಲ್ಲೂ ಇಲ್ಲ, ನಮ್ಮದೇ ಅಂದಾಜು. ಆದರೆ ಕಾಲೇಜು ಪಾರ್ಕಿಂಗ್‌ನಲ್ಲಿ ಕಾಗದಕ್ಕೆ ಅಂಕಿ ಬರೆದು ನಿಲ್ಲಿಸಿ ನೋಡಿದಾಗ, ಒಂದೇ ನೋಟಕ್ಕೆ ಎಲ್ಲರಿಗೂ ಸಲೀಸಾಗಿ ಸಿಕ್ಕಿದ್ದು ಹೆಚ್ಚುಕಡಿಮೆ ಅಲ್ಲಿಂದಲೇ.

ಇನ್ನು ದೂರ. ಮಾರೇನಹಳ್ಳಿ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗ ಸಿಕ್ಕಿದರೆ ಅದೃಷ್ಟ. ಆ ವೇಗದಲ್ಲಿ ಸೆಕೆಂಡಿಗೆ 8 ಮೀಟರ್‌ಗೂ ಸ್ವಲ್ಪ ಹೆಚ್ಚು ಹೋಗುತ್ತೇವೆ. ಮುಂದಿನ ಗಾಡಿಗೂ ನಮಗೂ ಎರಡು ಸೆಕೆಂಡಿನ ಅಂತರ ಇರಬೇಕು ಎಂದಿಟ್ಟುಕೊಂಡರೆ ಅದು 16-17 ಮೀಟರ್. ಒಂಚೂರು ಹತ್ತಿರವೇ ಬರುತ್ತಾರೆ ಅನ್ನಿ, 15 ಮೀಟರ್. ಹದಿನೈದು ಮೀಟರನ್ನು 190ರಿಂದ ಭಾಗಿಸಿದರೆ ಸುಮಾರು 80 ಮಿ.ಮೀ. ಅಂಕಿಯ ಎತ್ತರ ಇದಕ್ಕಿಂತ ಕಮ್ಮಿ ಇರಕೂಡದು.

ಈಗ ಮಾವನ 28 ಮಿ.ಮೀ.ಗೆ ಬನ್ನಿ. ಅದೇ ಲೆಕ್ಕದಲ್ಲಿ ಸಲೀಸಾಗಿ ಓದಬೇಕಾದರೆ ಐದೂಕಾಲು ಮೀಟರ್‌ಗೆ ಬರಬೇಕು. ಓಡುವ ಗಾಡಿಯ ಹಿಂದೆ ಐದು ಮೀಟರ್ ಅಂದರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಮಯ, ಅಷ್ಟೇ. ಮಾವ ಬ್ರೇಕ್ ಹಾಕಿದರೆ ಹಿಂದಿನವರು ಹಿಟ್ಟಿನ ಡಬ್ಬಕ್ಕೇ ಬಂದು ಸೇರುತ್ತಾರೆ. ಈ ವಿಷಯಕ್ಕೇ ನಮಗೆ ಸಿಟ್ಟು ಬರುವುದು. ಚಿಕ್ಕ ನಂಬರ್ ಬರೆಸುವುದು ಬರೀ ವ್ಯಾಪಾರಕ್ಕೆ ನಷ್ಟ ಅಲ್ಲ, ಓದುವ ಆಸೆ ಇರುವವರನ್ನು ಹತ್ತಿರಕ್ಕೆ ಎಳೆಯುವ ಕೆಲಸ. ಕ್ಯೂಆರ್ ಕೋಡ್ ಇನ್ನೂ ಕೆಟ್ಟದ್ದು. ಅದರ ಅಗಲದ ಸುಮಾರು ಹತ್ತು ಪಟ್ಟು ದೂರದಿಂದ ಸ್ಕ್ಯಾನ್ ಆಗುತ್ತದೆ ಎನ್ನುವುದು ರೂಢಿಯ ಲೆಕ್ಕ. ಅಂಗೈಯಗಲದ ಕೋಡ್‌ಗೆ ಒಂದು ಮೀಟರ್‌ಗೆ ಬರಬೇಕು, ಅದೂ ಕೈಯಲ್ಲಿ ಫೋನ್ ಹಿಡಿದುಕೊಂಡು! ನಿಂತ ಗಾಡಿಯ ಪಕ್ಕಕ್ಕೆ ಅಂಟಿಸಿ, ಬೇಡ ಅನ್ನುವುದಿಲ್ಲ. ಹಿಂಬದಿಯಲ್ಲಿ ಅದಕ್ಕೆ ಜಾಗ ಕೊಡುವುದು ಶುದ್ಧ ದಡ್ಡತನ.

ಎತ್ತರ ಗೊತ್ತಾದ ಮೇಲೆ ಉಳಿದದ್ದು ತಾನಾಗಿಯೇ ಉದುರಿಹೋಗುತ್ತದೆ, ಯಾಕೆಂದರೆ ಜಾಗವೇ ಇರುವುದಿಲ್ಲ. ಮಾವನ ಏಸ್‌ಗೆ ಹಿಂದೆ ಮುಚ್ಚಿದ ಡಬ್ಬ ಇದೆ, ಎರಡು ಬಾಗಿಲು. ಬಾಗಿಲುಗಳ ನಡುವೆ ಸಂದು, ಅದರ ಪಕ್ಕಕ್ಕೆ ಮೇಲಿಂದ ಕೆಳಗೆ ಬೀಗದ ಕಂಬಿ. ಹಳೆಯ ಸ್ಟಿಕರ್‌ನಲ್ಲಿ ಒಂದು ಅಂಕಿ ಸರಿಯಾಗಿ ಈ ಸಂದಿನ ಮೇಲೇ ಬಿದ್ದು, 8 ಅರ್ಧಕ್ಕೆ ಸೀಳಿ 3ರ ಹಾಗೆ ಕಾಣುತ್ತಿತ್ತು. ಒಂದು ಅಂಕಿ ತಪ್ಪಿದರೆ ಕರೆ ಇನ್ಯಾರ ಮನೆಗೋ ಹೋಗುತ್ತದೆ, ಪಾಪ ಅವರು ಬೆಳಿಗ್ಗೆ ಆರಕ್ಕೆ ಎದ್ದು "ಹಿಟ್ಟು ಇಲ್ಲ ಕಣ್ರೀ" ಅನ್ನಬೇಕು. ಇದಕ್ಕೆ ನಮ್ಮ ಮೆಕ್ಯಾನಿಕಲ್ ಹುಡುಗ ಹೇಳಿದ ಉಪಾಯ ತೀರಾ ಸುಲಭದ್ದು. ಹತ್ತು ಅಂಕಿಯನ್ನು ನಾವು ಬಾಯಲ್ಲಿ ಹೇಳುವಾಗ ಹೇಗಿದ್ದರೂ ಐದು-ಐದಾಗಿ ಒಡೆದು ಹೇಳುತ್ತೇವೆ. ನೆನಪಿಗೂ ಅದೇ ಒಗ್ಗುತ್ತದೆ. ಎಡ ಬಾಗಿಲಿಗೆ ಐದು, ಬಲ ಬಾಗಿಲಿಗೆ ಐದು ಬರೆದರೆ ನಡುವಿನ ಸಂದೇ ಬಿಡುವಾಗುತ್ತದೆ. ಒಂದೊಂದು ಬಾಗಿಲಿನಲ್ಲೂ ಕಂಬಿ, ತಿರುಗಣೆ ಬಿಟ್ಟು ಸಪಾಟು ಜಾಗ ಸಿಕ್ಕಿದ್ದು ಅರ್ಧ ಮೀಟರ್ ಚಿಲ್ಲರೆ. 120 ಮಿ.ಮೀ. ಎತ್ತರದ ಅಂಕಿಗೆ 72 ಅಗಲ, 18 ಬಿಡುವು, ಒಟ್ಟು 90. ಐದಕ್ಕೆ 450. ಆರಾಮಾಗಿ ಕೂತಿತು. ಬಿಡುವು ಮತ್ತು ಗೆರೆಯ ದಪ್ಪವನ್ನು ನಂಬರ್ ಪ್ಲೇಟಿನ ಅನುಪಾತದಲ್ಲೇ ಇಟ್ಟೆವು: ಎತ್ತರದ ಆರೂವರೆ ಪಾಲಿನಲ್ಲಿ ಒಂದು ಪಾಲು. ಕಾಪಿ ಹೊಡೆಯೋದಾದ್ರೆ ಅದನ್ನೇ ಹೊಡೀಬೇಕು.

ಮುಂದೆ +91 ಬೇಡ, ಸೊನ್ನೆ ಬೇಡ, 'ಮೊ:' ಎಂದು ಬರೆಯುವುದೂ ಬೇಡ. ಹತ್ತಂಕಿ ನೋಡಿದರೆ ಅದು ಮೊಬೈಲ್ ನಂಬರ್ ಅಂತ ಯಾರಿಗೆ ಗೊತ್ತಾಗಲ್ಲ? ಎರಡನೇ ನಂಬರ್ ತೆಗೆಸುವುದೇ ಕಷ್ಟವಾಯಿತು. "ಇದು ನಿಮ್ಮತ್ತೆ ನಂಬರ್ ಕಣ್ರೋ, ನಾನು ಎತ್ತದಿದ್ರೆ ಅವಳು ಎತ್ತುತ್ತಾಳೆ" ಅಂದರು ಮಾವ. ಕರೆಯನ್ನು ಆ ಫೋನಿಗೆ ಫಾರ್ವರ್ಡ್ ಆಗುವ ಹಾಗೆ ಮಾಡಿಕೊಟ್ಟೆವು. ಎರಡು ನಂಬರ್ ಇದ್ದರೆ ಎರಡು ಸೆಕೆಂಡಿನಲ್ಲಿ ಓದುವವರ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ, ಕೊನೆಗೆ ಇದರ ತಲೆ ಅದರ ಬಾಲ ಸೇರುತ್ತದೆ. ಪರವಾನಗಿಯ 14 ಅಂಕಿಗಳನ್ನು ಬಾಗಿಲ ಪಕ್ಕಕ್ಕೆ ಕಳಿಸಿದ್ದೂ ಇದೇ ಕಾರಣಕ್ಕೆ.

ಈಗ ನಮ್ಮೊಳಗೇ ಜಗಳ ತಂದ ವಿಷಯ: ಕನ್ನಡ. ಮಾವನಿಗೆ ನಮ್ಮ ಮೇಲೆ ಅಭಿಮಾನ ಉಕ್ಕಿ, "ಕನ್ನಡ ಸಂಘದ ಹುಡುಗ್ರು ಬಂದಿದೀರ, ನಂಬರ್‌ನೂ ಕನ್ನಡ ಅಂಕಿಯಲ್ಲೇ ಬರೆಸೋಣ" ಅಂದರು. ಅರ್ಧ ಜನ ಚಪ್ಪಾಳೆ ತಟ್ಟಿದರು. ನಾವು ಕೊನೆಗೆ ಬೇಡ ಎಂದೆವು. ಹಾಗೆ ಹೇಳುವಾಗ ಗಂಟಲು ಕಟ್ಟಿತು ಅಂದರೆ ಸುಳ್ಳಲ್ಲ. ಆದರೆ ಫೋನ್ ಒತ್ತುವ ಬೆರಳಿನ ಕೆಳಗೆ ಇರುವುದು 1, 2, 3. ಓದಿದ್ದನ್ನು ಮನಸ್ಸಿನಲ್ಲಿ ಬದಲಿಸಿಕೊಳ್ಳುವಷ್ಟು ಹೊತ್ತು ಸಿಗ್ನಲ್ ಕಾಯುವುದಿಲ್ಲ. ಜೊತೆಗೆ ೬ ಮತ್ತು ೯ ದೂರದಿಂದ ಒಂದೇ ಥರ ಕಾಣುತ್ತವೆ, ನಾವೇ ಹದಿನೈದು ಮೀಟರ್‌ನಲ್ಲಿ ನಿಂತು ಮೋಸ ಹೋದೆವು. ಅಂಕಿ ಯಾರಪ್ಪನ ಆಸ್ತಿಯೂ ಅಲ್ಲ, ಬಿಟಿಎಂನಲ್ಲಿರುವ ಬಿಹಾರದ ಹುಡುಗನೂ ಓದಲಿ.

ಕನ್ನಡ ಇರಬೇಕಾದದ್ದು ಇನ್ನೊಂದು ಸಾಲಿನಲ್ಲಿ: ಗಾಡಿಯಲ್ಲಿ ಏನಿದೆ ಎಂದು ಹೇಳುವ ಸಾಲು. ಅಲ್ಲಿ ಒಂದು ಮೋಸ ನಡೆಯುತ್ತಿದೆ, ಅದನ್ನು ಯಾರೂ ಗಮನಿಸುತ್ತಿಲ್ಲ ಎನ್ನುವುದೇ ನಮ್ಮ ದೂರು. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಅಂಗಡಿ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಎನ್ನುತ್ತದೆ. ಗಾಡಿಗಳ ಮೇಲೂ ಅದೇ ಅಭ್ಯಾಸ ಕಾಣತೊಡಗಿದೆ, ಸಂತೋಷ. ಆದರೆ ಇಂಗ್ಲಿಷ್ ದೊಡ್ಡಕ್ಷರ ತನ್ನ ಚೌಕಟ್ಟನ್ನು ಮೇಲಿಂದ ಕೆಳಗಿನ ತನಕ ತುಂಬುತ್ತದೆ. ಕನ್ನಡ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತು ಬೇಕು. ಸ್ಟಿಕರ್ ಅಂಗಡಿಯವರು ಎರಡೂ ಸಾಲನ್ನು ಒಂದೇ ಎತ್ತರದ ಚೌಕಟ್ಟಿಗೆ ಎಳೆದು ಕೂರಿಸುತ್ತಾರೆ. 'ಹಿಟ್ಟು' ಎಂಬ ಪದದಲ್ಲಿ ಟಕಾರದ ಒತ್ತು, ಕೊಂಬು, ಮೇಲಿನ ಗುಡಿಸು ಎಲ್ಲ ಆ ಚೌಕಟ್ಟಿನೊಳಗೇ ಹಿಡಿಸಬೇಕಾದ್ದರಿಂದ ಅಕ್ಷರದ ಒಡಲು ಅರ್ಧಕ್ಕೆ ಇಳಿಯುತ್ತದೆ. ಅಳತೆ ಪಟ್ಟಿಯಲ್ಲಿ ಕನ್ನಡ ದೊಡ್ಡದು, ಕಣ್ಣಿಗೆ ಚಿಕ್ಕದು.

ನಮ್ಮ ಲಿಪಿಯ ಇನ್ನೊಂದು ತೊಡಕು ಅಕ್ಷರ ಅಕ್ಷರದ ನಡುವಿನ ಗುರುತು ತೀರಾ ಸಣ್ಣದು ಅನ್ನೋದು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಷ. ಮೇಷ್ಟ್ರು ಹೇಳಿಕೊಟ್ಟ ಹೊಟ್ಟೆ ಸೀಳಿದ ಷ ನೆನಪಿದೆಯಲ್ಲ? ದೂರದಿಂದ ಆ ಸೀಳೇ ಮೊದಲು ಮಾಯವಾಗುವುದು. ಗೆರೆ ತುಂಬ ದಪ್ಪವಾದರೆ ಸೀಳು ಮುಚ್ಚಿಕೊಳ್ಳುತ್ತದೆ, ಸುತ್ತ ಬಿಳಿ ಅಂಚು, ಅದರಾಚೆ ನೆರಳು ಅಂತ ಹಾಕಿದರೆ ಇನ್ನೂ ಬೇಗ. ಆದ್ದರಿಂದ ಕನ್ನಡಕ್ಕೆ ಮಧ್ಯಮ ದಪ್ಪದ, ಒಂದೇ ಸಮನಾದ ಗೆರೆಯ ಅಕ್ಷರ ಸಾಕು. ಬಳ್ಳಿ, ಗೆಜ್ಜೆ ಎಲ್ಲ ಮದುವೆ ಕಾರ್ಡಿಗಿರಲಿ. ಅಳೆಯುವುದನ್ನೂ ಒತ್ತು, ಗುಡಿಸು ಬಿಟ್ಟು ಬರೀ ಒಡಲಿನಿಂದ ಅಳೆಯಬೇಕು. ಮಾವನ ಗಾಡಿಗೆ 'ದೋಸೆ ಹಿಟ್ಟು' ಎಂದು ಒಡಲು 120 ಮಿ.ಮೀ. ಇಟ್ಟು ಬರೆಸಿದೆವು. ಒತ್ತು ಸೇರಿ ಸಾಲಿನ ಒಟ್ಟು ಎತ್ತರ 200 ದಾಟಿತು. ಅದರ ಕೆಳಗೆ ಇಂಗ್ಲಿಷ್‌ನಲ್ಲಿ ಅದೇ ಮಾತು, 60 ಮಿ.ಮೀ.ಯಲ್ಲಿ. ಅಂಗಡಿಯ ಹೆಸರು? ಅದನ್ನು ಪಕ್ಕಕ್ಕೆ ಕಳಿಸಿದೆವು. ಮಾವನಿಗೆ ಇಷ್ಟವಾಗಲಿಲ್ಲ. ಆದರೆ ಹಿಂದೆ ಬರುವವರಿಗೆ ಬೇಕಿರುವುದು ಹಿಟ್ಟು, ಹೆಸರಲ್ಲ. ಹೆಸರನ್ನು ಫೋನ್ ಎತ್ತಿದಾಗ ಹೇಳಿದರಾಯಿತು.

ಸ್ಟಿಕರ್ ಅಂಗಡಿಗೆ ಪದಗಳನ್ನು ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸಿ ಸುಮ್ಮನಾಗಬೇಡಿ. ಬಹಳ ಕಡೆ ಹಳೆಯ ಕೋರೆಲ್‌ಡ್ರಾ, ಹಳೆಯ ನುಡಿ ಫಾಂಟ್‌ಗಳೇ ಓಡುತ್ತಿವೆ. ಯುನಿಕೋಡ್ ಅಂಟಿಸಿದರೆ ಒತ್ತು ಕಿತ್ತು ಪಕ್ಕಕ್ಕೆ ಬಂದು ಕೂರುತ್ತದೆ. 'ಹಿಟ್‌ಟು' ಎಂದು ಕತ್ತರಿಸಿ ಕೊಟ್ಟುಬಿಟ್ಟರೆ ಮುಗೀತು. ಕತ್ತರಿಸುವ ಮುಂಚೆ ಎದುರಿಗೆ ಕೂತು ನೋಡಬೇಕು. ನಾವು ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಹಾಗೆ ಕೂತಿದ್ದಕ್ಕೇ ಬಚಾವಾದೆವು.

ಬಣ್ಣದ ಮಾತು ಬೇಗ ಮುಗಿಸುತ್ತೇವೆ. ಹಸಿರಿನ ಮೇಲೆ ಕೆಂಪು ನಮಗೆ ಬೇರೆ ಬೇರೆ ಅನಿಸಿದರೂ ಎರಡರ ಹೊಳಪೂ ಹೆಚ್ಚುಕಡಿಮೆ ಒಂದೇ ಆದರೆ ದೂರದಿಂದ ಅಕ್ಷರದ ಅಂಚು ಕರಗುತ್ತದೆ. ಕೆಂಪು-ಹಸಿರು ಬೇರೆ ಮಾಡಲಾಗದ ಕಣ್ಣಿನವರಿಗಂತೂ ಅಲ್ಲಿ ಏನೂ ಇಲ್ಲ. ಫೋನಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ, ಅಲ್ಲಿ ನಂಬರ್ ಎದ್ದು ಕಂಡರೆ ರಸ್ತೆಯಲ್ಲೂ ಕಾಣುತ್ತದೆ. ಪ್ರಿಂಟ್ ಮಾಡಿದ ಸ್ಟಿಕರ್‌ನಲ್ಲಿ ಬಿಸಿಲಿಗೆ ಮೊದಲು ಬಾಡುವುದೂ ಕೆಂಪು ಮತ್ತು ಹಳದಿಯೇ, ಕಪ್ಪು ನಿಲ್ಲುತ್ತದೆ. ಆದ್ದರಿಂದ ಪ್ರಿಂಟ್ ಬೇಡವೆಂದು ಬಿಳಿ ಡಬ್ಬದ ಮೇಲೆ ಕಪ್ಪು ವಿನೈಲ್‌ನಲ್ಲೇ ಅಂಕಿ ಕತ್ತರಿಸಿ ಅಂಟಿಸಿದೆವು. ಹೊಳಪಿನದಲ್ಲ, ಮ್ಯಾಟ್. ರಾತ್ರಿ ಹಿಂದಿನ ಕಾರಿನ ಹೆಡ್‌ಲೈಟ್ ಬಿದ್ದಾಗ ಹೊಳಪಿನ ವಿನೈಲ್ ಕನ್ನಡಿಯಾಗುತ್ತದೆ. ದೀಪ, ನಂಬರ್ ಪ್ಲೇಟ್, ಹಿಂಬದಿಯ ಕೆಂಪು ಪ್ರತಿಫಲನ ಪಟ್ಟಿಯ ಮೇಲೆ ಏನನ್ನೂ ಅಂಟಿಸಲಿಲ್ಲ.

ಆಟೊದವರ ಕಥೆ ಸ್ವಲ್ಪ ಬೇರೆ. ಬೆಂಗಳೂರಿನ ಆಟೊದ ಹಿಂಬದಿ ಅಂದರೆ ಅದು ಶಂಕರ್‌ನಾಗ್ ಜಾಗ. 1980ರ 'ಆಟೋ ರಾಜ' ಬಂದು ಇಷ್ಟು ವರ್ಷವಾದರೂ ಅವರನ್ನು ಯಾರೂ ಕೆಳಗಿಳಿಸಿಲ್ಲ, ನಾವೂ ಇಳಿಸುವುದಿಲ್ಲ. ಆದರೆ ಟಾಪಿನ ರೆಕ್ಸಿನ್ ನಂಬರ್‌ಗೆ ಒಳ್ಳೆ ಜಾಗವೇ ಅಲ್ಲ. ಗಾಳಿಗೆ ಉಬ್ಬುತ್ತದೆ, ಮಡಿಕೆ ಬೀಳುತ್ತದೆ, ಮಡಿಕೆಯಲ್ಲಿ ಸ್ಟಿಕರ್ ಬಿರಿಯುತ್ತದೆ. ಮುಖಕ್ಕೆ ಒಂದು ಮಡಿಕೆ ಬಿದ್ದರೂ ಶಂಕರಣ್ಣ ಅಂತ ಗೊತ್ತಾಗುತ್ತದೆ, 7ಕ್ಕೆ ಮಡಿಕೆ ಬಿದ್ದರೆ ಅದು 1. ಹಾಗಾಗಿ ಚಿತ್ರ ಮೇಲೆ ರೆಕ್ಸಿನ್‌ಗೆ, ನಂಬರ್ ಕೆಳಗೆ ತಗಡಿನ ಮೇಲೆ. 80 ಮಿ.ಮೀ. ಎತ್ತರದ ಹತ್ತು ಅಂಕಿ, ನಡುವಿನ ಬಿಡುವು ಸೇರಿ ಸುಮಾರು 650 ಮಿ.ಮೀ. ಅಗಲ ಬೇಡುತ್ತದೆ. ಆಟೊದ ಅಗಲ ಅದರ ಎರಡು ಪಟ್ಟು ಇದೆ.

ಅಂಟಿಸುವ ಮೊದಲು ನಾವು ಮಾಡಿದ ಪರೀಕ್ಷೆಗೆ ಖರ್ಚಿಲ್ಲ. ಹದಿನೈದು ಮೀಟರ್‌ನಲ್ಲಿ 80 ಮಿ.ಮೀ. ಕಾಣುವುದೂ ಒಂದೂವರೆ ಮೀಟರ್‌ನಲ್ಲಿ 8 ಮಿ.ಮೀ. ಕಾಣುವುದೂ ಒಂದೇ. ಗಾಡಿಯ ಹಿಂಬದಿಯನ್ನು ಲ್ಯಾಪ್‌ಟಾಪ್ ಪರದೆಯ ಮೇಲೆ ಹತ್ತನೇ ಒಂದು ಅಳತೆಗೆ ತಂದು, ಒಂದೂವರೆ ಮೀಟರ್ ದೂರದಲ್ಲಿ ವಿಷಯ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಎರಡು ಸೆಕೆಂಡು ತೋರಿಸಿ ಮುಚ್ಚಿ. ಏನು ಮಾರುತ್ತಾರೆ, ನಂಬರ್ ಏನು ಎಂದು ಕೇಳಿ. ಹಳೆಯ ವಿನ್ಯಾಸಕ್ಕೆ ನಮ್ಮ ಹಾಸ್ಟೆಲ್‌ನಲ್ಲಿ ಬಂದ ಉತ್ತರ "ಯಾವುದೋ ದೇವಸ್ಥಾನದ್ದು" ಅಂತ. ಹೊಸದಕ್ಕೆ ಎಲ್ಲರೂ ಹಿಟ್ಟು ಅಂದರು. ಹತ್ತೂ ಅಂಕಿ ಹೇಳಿದವರು ಕಡಿಮೆಯೇ, ಎರಡನೇ ಸಲ ತೋರಿಸಿದಾಗ ಬಹಳ ಮಂದಿ ಹೇಳಿದರು. ಡೆಲ್ಮಿಯಾದಿಂದ ರಾಗಿಗುಡ್ಡದ ತನಕ ಒಂದೇ ಗಾಡಿಯ ಹಿಂದೆ ತೆವಳುವವರಿಗೆ ಎರಡನೇ ನೋಟಕ್ಕೇನೂ ಬರವಿಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವ ಡಬಲ್ ಡೆಕ್ಕರ್ ಫ್ಲೈಓವರ್ ಹತ್ತಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಅಲ್ಲಿ 50ರ ವೇಗಕ್ಕೆ ಎರಡು ಸೆಕೆಂಡು ಅಂದರೆ 28 ಮೀಟರ್, ನಮ್ಮ 120 ಮಿ.ಮೀ. ಸಲೀಸಾಗಿ ಓದಿಸುವುದು 23 ಮೀಟರ್ ತನಕ. ಮೇಲೆ ಹೋಗುವವರಿಗೆ 'ದೋಸೆ ಹಿಟ್ಟು' ಗೊತ್ತಾಗಬಹುದು, ನಂಬರ್ ಕಷ್ಟ. ಅದಕ್ಕೆ ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿರುವುದು ಮಾವನ ಎರಡನೇ ಗಾಡಿ. ಅದಕ್ಕೆ ಡಬ್ಬ ಇಲ್ಲ, ತೆರೆದ ಏಸ್. ಹಿಂದಿನ ಹಲಗೆ ಒಂದು ಅಡಿ ಎತ್ತರ, 80 ಮಿ.ಮೀ. ನಂಬರ್ ಚೆನ್ನಾಗಿ ಹಿಡಿಸುತ್ತದೆ. ಆದರೆ ಗ್ರೈಂಡರ್, ಉದ್ದನೆಯ ಸ್ಟೀಲ್ ಟೇಬಲ್ ಏನಾದರೂ ಸಾಗಿಸುವ ದಿನ ಹಲಗೆಯನ್ನು ಅಡ್ಡಕ್ಕೆ ಇಳಿಸಿ ಸರಪಳಿ ಕಟ್ಟುತ್ತಾರೆ, ಆಗ ಬರೆದದ್ದೆಲ್ಲ ನೆಲ ನೋಡುತ್ತದೆ. ಕ್ಯಾಬಿನ್‌ನ ಬೆನ್ನಿಗೆ ಬರೆಸೋಣವೆಂದರೆ ಸಾಮಾನು ಅಡ್ಡ. ಹಲಗೆಯ ಒಳಮೈಗೂ ಬರೆದು ಪೂರ್ತಿ ನೇತುಬಿಟ್ಟರೆ ನಂಬರ್ ಪ್ಲೇಟ್ ಮುಚ್ಚುತ್ತದೆ, ಪೊಲೀಸರು ಬಿಡುವುದಿಲ್ಲ, ಬಿಡಲೂಬಾರದು. ಕೊನೆಗೆ ಮಾವನೇ, "ಹೋಗ್ಲಿ ಬಿಡ್ರಪ್ಪ, ಹಲಗೆ ಮುಚ್ಚೋವಷ್ಟೇ ಸಾಮಾನು ಹಾಕ್ತೀನಿ, ಬೇಕಾದ್ರೆ ಎರಡು ಟ್ರಿಪ್ ಹೊಡೀತೀನಿ" ಅಂದರು.